ಅಮ್ಮನ ಫೋಟೋದಲ್ಲಿರೋ ಬ್ಲೌಸ್

ಅಕ್ಕಾ, ನಮಸ್ಕಾರ. ಹೋದ ತಿಂಗಳು ಮಗಳ ಲಂಗಕ್ಕೆ ಜಿಪ್ ಹಾಕಿಸಿಕೊಂಡು ಹೋದೆನಲ್ಲ, ನಾನೇ. ಮೇಲೆ ಎರಡು ಫೋಟೋ ಹಾಕಿದ್ದೀನಿ. ಮೊದಲನೇದು ನಮ್ಮಮ್ಮನ ಹಳೇ ಕಪ್ಪು ಬಿಳುಪು ಫೋಟೋ, ಪೂರ್ತಿ. ಎರಡನೇದು ಅದರಲ್ಲೇ ಕತ್ತಿನಿಂದ ಮೊಣಕೈವರೆಗೆ ಹತ್ತಿರದಿಂದ ತೆಗೆದದ್ದು. ಅಮ್ಮನಿಗೆ ಆಗ 22 ವರ್ಷ. ಬರೋ ತಿಂಗಳು 70 ತುಂಬುತ್ತೆ. ಆ ದಿನ ನಾನು ಅದೇ ಬ್ಲೌಸ್ ಹಾಕಿಕೊಂಡು ಅವರ ಪಕ್ಕ ನಿಲ್ಲಬೇಕು. ಆ ಬ್ಲೌಸ್ ಈಗ ಇಲ್ಲ, ಎಂದೋ ಹರಿದು ಹೋಯಿತು. ಇರೋದು ಈ ಫೋಟೋ ಒಂದೇ. ಅದಕ್ಕೇ ಉದ್ದಕ್ಕೆ ಬರೀತಿದ್ದೀನಿ, ಕತ್ತರಿ ಹಾಕೋ ಮೊದಲು ದಯವಿಟ್ಟು ಒಂದು ಸಲ ಪೂರ್ತಿ ಓದಿ.

ಮೊದಲು ಎಡ ಬಲದ ವಿಷಯ. ಹಳೇ ಫೋಟೋ ಕೆಲವೊಮ್ಮೆ ತಿರುಗಾಮುರುಗಾ ಪ್ರಿಂಟ್ ಆಗಿರುತ್ತೆ ಅಂತ ನನಗೂ ಅನುಮಾನ ಇತ್ತು. ನೋಡಿದೆ, ಸೆರಗು ಎಡ ಭುಜದ ಮೇಲಿದೆ, ವಾಚು ಎಡಗೈಯಲ್ಲಿದೆ. ಹಾಗಾಗಿ ಫೋಟೋ ಸರಿಯಾಗೇ ಇದೆ. ನಾನು ಇಲ್ಲಿ ಬಲ ಅಂದರೆ ಹಾಕಿಕೊಂಡವರ ಬಲ, ನೋಡೋರ ಬಲ ಅಲ್ಲ. ಮುಂದೆ ತೆರೆಯೋ ಬ್ಲೌಸ್, ಬಲಭಾಗದ ಪಟ್ಟಿ ಎಡಭಾಗದ ಮೇಲೆ ಕೂತಿದೆ. ಹಾಗೇ ಇರಲಿ.

ಕತ್ತು ಗುಂಡಗಿದೆ, ಮೇಲೇ ಇದೆ. ಕತ್ತಿನ ಬುಡದ ಮೂಳೆ ಎರಡೂ ಮುಚ್ಚಿಲ್ಲ, ಆದರೆ ಅದರ ಕೆಳಗೆ ಹೆಚ್ಚೇನೂ ತೆರೆದಿಲ್ಲ. ನನ್ನ ಮೈಗೆ ಮುಂದಿನ ಆಳ ಮೂರೂವರೆ ಇಂಚು ಸರಿಹೋಗುತ್ತೆ. ಕತ್ತಿನ ಸುತ್ತ ಅದೇ ಬಟ್ಟೆಯ ಫ್ರಿಲ್ ಇದೆ ನೋಡಿ, ಈ ಬ್ಲೌಸಿನ ಜೀವ ಅದರಲ್ಲೇ ಇದೆ. ಎರಡನೇ ಫೋಟೋ ದೊಡ್ಡದು ಮಾಡಿ ನೋಡಿ. ಮೈ ಭಾಗದ ಬಟ್ಟೆಯಲ್ಲಿ ಚುಕ್ಕಿಗಳು ನೆಟ್ಟಗೆ ಸಾಲಾಗಿ ನಿಂತಿವೆ, ಫ್ರಿಲ್ಲಿನಲ್ಲಿ ಅದೇ ಚುಕ್ಕಿಗಳ ಸಾಲು ಓರೆಯಾಗಿದೆ. ಅಂದರೆ ಫ್ರಿಲ್ಲಿನ ಪಟ್ಟಿಯನ್ನ ಕ್ರಾಸ್ ಬಟ್ಟೆಯಲ್ಲಿ ಕತ್ತರಿಸಿದ್ದಾರೆ. ಅದಕ್ಕೇ ಅದು ಸೆಟೆದು ನಿಲ್ಲದೆ ಮೆತ್ತಗೆ ಒರಗಿದೆ. ನೀವೂ ಕ್ರಾಸಲ್ಲೇ ಕತ್ತರಿಸಿ. ಬಟ್ಟೆ ಸ್ವಲ್ಪ ಜಾಸ್ತಿ ಹೋಗುತ್ತೆ ಅಂತ ಗೊತ್ತು, ಅದಕ್ಕೇ ಒಂದೂವರೆ ಮೀಟರ್ ತಂದಿದ್ದೀನಿ.

ಫ್ರಿಲ್ಲಿನ ಅಗಲ ಎಷ್ಟು ಅಂತ ಅಂದಾಜಿಗೆ ಹೇಳ್ತಿಲ್ಲ ಅಕ್ಕ. ಫೋಟೋದಲ್ಲಿ ಅಮ್ಮ ಕಟ್ಟಿರೋ ವಾಚು ಇವತ್ತಿಗೂ ನಮ್ಮ ಮನೆಯಲ್ಲಿದೆ. ಅದರ ಡಯಲು ಅಡ್ಡಕ್ಕೆ 22 ಮಿಲಿಮೀಟರ್. ಫೋಟೋದಲ್ಲಿ ಸ್ಕೇಲ್ ಇಟ್ಟು ನೋಡಿದರೆ ಅದೇ ಡಯಲು 4 ಮಿಲಿಮೀಟರ್ ಬರುತ್ತೆ. ಅಂದರೆ ಫೋಟೋದ ಒಂದು ಮಿಲಿಮೀಟರಿಗೆ ನಿಜವಾದ ಅಳತೆ ಐದೂವರೆ. ಫ್ರಿಲ್ ಫೋಟೋದಲ್ಲಿ ಮೂರೂವರೆ ಇದೆ, ಲೆಕ್ಕ ಹಾಕಿದರೆ 19 ಮಿಲಿಮೀಟರ್, ಅಂದರೆ ಮುಕ್ಕಾಲು ಇಂಚು. ಗುಂಡಿಯ ಅಗಲ ಫೋಟೋದಲ್ಲಿ ಎರಡು ಮಿಲಿಮೀಟರ್ ಇದೆ, ಅಂದರೆ ನಿಜಕ್ಕೆ 11 ಮಿಲಿಮೀಟರ್. ಒಂದು ಗುಂಡಿಯಿಂದ ಇನ್ನೊಂದಕ್ಕೆ ಎಂಟು, ಅಂದರೆ ಒಂದೂ ಮುಕ್ಕಾಲು ಇಂಚು. ಆದರೆ ಅಮ್ಮ ಎಡಗೈಯನ್ನ ಮುಂದಿರೋ ಕುರ್ಚಿಯ ಮೇಲೆ ಇಟ್ಟಿದ್ದಾರೆ, ಕೈ ಕ್ಯಾಮೆರಾಗೆ ಹತ್ತಿರ ಇರೋದರಿಂದ ವಾಚು ಸ್ವಲ್ಪ ದೊಡ್ಡದಾಗಿ ಕಾಣುತ್ತೆ. ಹಾಗಾಗಿ ನನ್ನ ಲೆಕ್ಕ ಕೂದಲೆಳೆಯಷ್ಟು ಕಮ್ಮಿ ಬಂದಿರಬಹುದು, ಹೆಚ್ಚಂತೂ ಬಂದಿರಲ್ಲ. ಎಲ್ಲಾದರೂ ಅನುಮಾನ ಬಂದರೆ ಒಂದು ನೂಲು ಹೆಚ್ಚಿಗೆ ಇಡಿ, ಕಮ್ಮಿ ಮಾಡಬೇಡಿ.

ಫ್ರಿಲ್ ತುಂಬಾ ಒತ್ತಾಗಿ ಬೇಡ. ಭುಜದ ಹೊಲಿಗೆಯಿಂದ ಮೊದಲನೇ ಗುಂಡಿವರೆಗೆ ಒಂಬತ್ತು ಅಲೆ ಎಣಿಸಿದ್ದೀನಿ. ಕತ್ತಿನ ಸುತ್ತಿನ ಒಂದೂವರೆಯಷ್ಟು ಉದ್ದದ ಪಟ್ಟಿ ಸಾಕಾಗುತ್ತೆ ಅನ್ನಿಸುತ್ತೆ, ಎರಡರಷ್ಟು ಹಾಕಿದರೆ ಮಕ್ಕಳ ಫ್ರಾಕಿನ ಥರ ಆಗಿಬಿಡುತ್ತೆ. ಮುಂದೆ ತೆರೆಯೋ ಅಂಚಿಗೆ ಬರ್ತಾ ಫ್ರಿಲ್ ಅಗಲ ಕಿರಿದಾಗಿ ಇಲ್ಲವೇ ಇಲ್ಲ ಅನ್ನೋ ಹಾಗೆ ಮುಗಿದಿದೆ, ಮೊಂಡಾಗಿ ನಿಂತಿಲ್ಲ. ಅಂಚಿನಲ್ಲಿ ಮಿಷಿನ್ ಹೊಲಿಗೆಯ ಗೆರೆ ಕಾಣಲ್ಲ. ಬಟ್ಟೆಯನ್ನ ಬೆರಳಲ್ಲಿ ಸುರುಳಿ ಸುತ್ತಿ ಕೈಯಲ್ಲೇ ಹೆಮ್ಮಿಂಗ್ ಮಾಡಿರಬೇಕು. ಪಿಕೋ ಮಾಡಬೇಡಿ ಅಕ್ಕ, ಪಿಕೋ ಮಾಡಿದರೆ ಅಂಚು ಅಲೆಅಲೆಯಾಗಿ ಹೊರಳುತ್ತೆ, ಫೋಟೋದಲ್ಲಿ ಅಂಚು ಸುಮ್ಮನೆ ಕೂತಿದೆ. ಕೈಕೆಲಸಕ್ಕೆ ಸಮಯ ಹಿಡಿಯುತ್ತೆ ಅಂದರೆ ಫ್ರಿಲ್ ಪಟ್ಟಿ ಕತ್ತರಿಸಿ ನನಗೇ ಕೊಡಿ, ನಾನೇ ಕೂತು ಹೆಮ್ ಮಾಡಿ ತಂದುಕೊಡ್ತೀನಿ.

ಗುಂಡಿಗಳು ಬಟ್ಟೆ ಸುತ್ತಿದವು, ಉಬ್ಬಾಗಿವೆ. ಮೂರು ಕಾಣುತ್ತೆ, ನಾಲ್ಕನೇದರ ಅರ್ಧ ಸೆರಗಿನಡಿ ಹೋಗಿದೆ. ಒಟ್ಟು ಐದು ಇಡಿ. ಕತ್ತಿನಿಂದ ಅರ್ಧ ಇಂಚು ಕೆಳಗೆ ಮೊದಲನೇದು, ಆಮೇಲೆ ಒಂದೂ ಮುಕ್ಕಾಲು ಇಂಚಿಗೆ ಒಂದೊಂದು. ಕಾಜಾದ ದಾರ ಎಲ್ಲೂ ಕಾಣ್ತಿಲ್ಲ, ಹಾಗಾಗಿ ಒಳಗೆ ಹುಕ್ಕು, ಹೊರಗೆ ಗುಂಡಿ ಬರೀ ಅಂದಕ್ಕೆ. ಗುಂಡಿಗೆ ಬಟ್ಟೆ ಸುತ್ತುವಾಗ ಒಂದು ಬಿಳೀ ಚುಕ್ಕಿ ನಟ್ಟನಡುವೆ ಬರೋ ಹಾಗೆ ನೋಡಿ. ಫೋಟೋದಲ್ಲಿ ಎರಡನೇ ಗುಂಡಿಯಲ್ಲಿ ಹಾಗೇ ಇದೆ, ಕಣ್ಣಿನ ಪಾಪೆಯ ಹಾಗೆ. ಐದರಲ್ಲೂ ಬಂದರೆ ನನಗೆ ಎಷ್ಟು ಖುಷಿ ಅಂತ ಹೇಳಲಾರೆ.

ಈಗ ತೋಳು. ಬಲಗಡೆಯ ತೋಳು ಪೂರ್ತಿ ಕಾಣುತ್ತೆ, ಅದನ್ನೇ ನೋಡಿಕೊಂಡು ಎರಡನ್ನೂ ಮಾಡಿ. ಪಫ್ ತೋಳು, ಆದರೆ ಬಲೂನಿನ ಥರ ಉಬ್ಬಿದ್ದಲ್ಲ. ನೆರಿಗೆ ಭುಜದ ತುದಿಯಲ್ಲಿ ಮಾತ್ರ ಇದೆ. ಕಂಕುಳ ಕಡೆ ಹಿಂದೆ ಮುಂದೆ ಎರಡೂವರೆ ಇಂಚು ಸಪಾಟಾಗಿದೆ, ಒಂದು ನೆರಿಗೆಯೂ ಇಲ್ಲ. ಮೇಲುಗಡೆ ಎತ್ತರಕ್ಕೆ ಒಂದೂವರೆ ಇಂಚು, ಅಗಲಕ್ಕೆ ನಾಲ್ಕು ಇಂಚು ಹೆಚ್ಚಿಗೆ ಬಿಟ್ಟರೆ ಈ ಆಕಾರ ಬರಬಹುದು ಅಂತ ನನ್ನ ಲೆಕ್ಕ. ಇದರಲ್ಲಿ ನಿಮ್ಮ ಕೈ ಅಂದಾಜೇ ಮೇಲು. ಕೆಳಗೆ ಒಂದು ಇಂಚಿನ ಪಟ್ಟಿಗೆ ತೋಳು ಸೇರಿದೆ, ಅಲ್ಲೂ ನೆರಿಗೆ ಇದೆ, ಅದು ಹೊರಮೈ ಕಡೆಗೆ ಮಾತ್ರ. ಪಟ್ಟಿ ಮೊಣಕೈಗೆ ಎರಡು ಬೆರಳು ಮೇಲೆ ನಿಂತಿದೆ. ಎಲಾಸ್ಟಿಕ್ ಬೇಡವೇ ಬೇಡ.

ತೋಳಿನ ಹೊಲಿಗೆ ಭುಜದ ತುದಿಯಲ್ಲಿಲ್ಲ, ಅರ್ಧ ಇಂಚು ಒಳಗಿದೆ. ಇದು ಬಹಳ ಮುಖ್ಯ. ತುದಿಯಲ್ಲೇ ಹೊಲಿದರೆ ಪಫ್ ಆಚೆಗೆ ಜಾರಿ ಭುಜ ಅಗಲವಾಗಿ ಕಾಣುತ್ತೆ. ನನ್ನ ಭುಜ ಹದಿನಾಲ್ಕೂವರೆ, ಹದಿಮೂರೂವರೆಗೆ ಕತ್ತರಿಸಿ.

ಪಫ್ ನಿಲ್ಲೋಕೆ ಒಳಗೆ ಕ್ಯಾನ್ವಾಸ್, ನೆಟ್ ಏನೂ ಇಡಬೇಡಿ. ಆಲ್ಬಂ ನೋಡುವಾಗ ಸುಮ್ಮನೆ ಕೇಳೋ ಹಾಗೆ ಅಮ್ಮನನ್ನ ಕೇಳಿದೆ. "ಒಳಗೇನಿರುತ್ತೆ, ಗಂಜಿ ಹಾಕಿ ಇಸ್ತ್ರಿ ಮಾಡ್ತಿದ್ದೆ, ಅಷ್ಟೇ" ಅಂದರು. ಗಂಜಿ ನಾನು ಹಾಕಿಕೊಳ್ತೀನಿ. ತೋಳಿಗೆ ಲೈನಿಂಗೂ ಬೇಡ. ಮೈ ಭಾಗಕ್ಕೆ ಮಾತ್ರ ಕಾಟನ್ ಲೈನಿಂಗ್ ಕೊಡಿ.

ಎದೆಯ ಹತ್ತಿರ ಕಂಕುಳಿಂದ ಬಂದ ಒಂದು ಡಾಟಿನ ಗೆರೆ ಕಾಣುತ್ತೆ, ಬೇರೆ ಜೋಡಣೆ ಇಲ್ಲ. ಸಾದಾ ಡಾಟ್ ಬ್ಲೌಸೇ ಇದು. ಕಟೋರಿ, ಪ್ರಿನ್ಸೆಸ್ ಕಟ್, ಪ್ಯಾಡ್ ಬೇಡ. ಕೆಳಗಿನ ಪಟ್ಟಿ ಸೀರೆಯಲ್ಲಿ ಮುಚ್ಚಿಹೋಗಿದೆ, ನಿಮಗೆ ಹೇಗೆ ಸರಿಯೋ ಹಾಗೆ ಮಾಡಿ.

ಬೆನ್ನು ಫೋಟೋದಲ್ಲಿ ಕಾಣಲ್ಲ. ಕಾಣದ್ದಕ್ಕೇ ಹೆಚ್ಚು ಭಯ ನನಗೆ. ಹಿಂದೊಮ್ಮೆ ಬೇರೆ ಕಡೆ ಇದೇ ಫೋಟೋ ಕೊಟ್ಟು ಹೊಲಿಸಿದ್ದೆ. ಬೆನ್ನಿನ ವಿಷಯ ನಾನು ಹೇಳಿರಲಿಲ್ಲ. ಎಂಟು ಇಂಚು ಆಳ ಕತ್ತರಿಸಿ, ಡೋರಿ ಕಟ್ಟಿ, ಲಟ್ಕನ್ ಇಳಿಬಿಟ್ಟು ಕೊಟ್ಟರು. ಕತ್ತರಿಸಿದ ಬಟ್ಟೆಯನ್ನ ಮತ್ತೆ ಕೂಡಿಸೋಕಾಗುತ್ತಾ? ಅವತ್ತು ಮನೆಗೆ ಬಂದು ಅತ್ತುಬಿಟ್ಟೆ. ಹಾಗಾಗಿ ಈಗಲೇ ಹೇಳ್ತೀನಿ, ಹಿಂದೆ ಆಳ ಎರಡೇ ಇಂಚು, ಗುಂಡಗೆ, ಮುಂದಿನ ಫ್ರಿಲ್ಲೇ ಹಿಂದೆಯೂ ಸುತ್ತಿಕೊಂಡು ಹೋಗಲಿ. ಡೋರಿ, ಲಟ್ಕನ್, ಪೈಪಿಂಗ್, ಲೇಸ್ ಏನೂ ಬೇಡ.

ಬಟ್ಟೆ ಗಾಢ ಹಸಿರು ಕಾಟನ್, ಸಣ್ಣ ಬಿಳೀ ಚುಕ್ಕಿ. ಫೋಟೋದಲ್ಲಿ ಬಣ್ಣ ಗೊತ್ತಾಗಲ್ಲ, ಹಸಿರು ಅಂತ ಅಮ್ಮನೇ ಹೇಳಿದ್ದು. ಬಟ್ಟೆ, ಲೈನಿಂಗ್ ಎರಡನ್ನೂ ನೀರಲ್ಲಿ ನೆನೆಸಿ ಒಣಗಿಸಿ ಇಸ್ತ್ರಿ ಮಾಡಿದ್ದೀನಿ, ಇನ್ನು ಕುಗ್ಗಲ್ಲ. ಮುಂದೆ ಎರಡು ಪಟ್ಟಿ ಸೇರುವಲ್ಲಿ ಚುಕ್ಕಿಯ ಸಾಲು ಒಂದೇ ನೇರಕ್ಕೆ ಬರಲಿ, ಒಂದು ಮೇಲೆ ಒಂದು ಕೆಳಗೆ ಆದರೆ ಎದ್ದು ಕಾಣುತ್ತೆ.

ಅಳತೆಗೆ ನನ್ನ ಬ್ಲೌಸ್ ಒಂದು ಕೊಡ್ತೀನಿ, ಆದರೆ ಅದರ ಕತ್ತು, ತೋಳು, ಭುಜ ನೋಡಬೇಡಿ, ಮೈ ಮಾತ್ರ ನೋಡಿ. ನಿನ್ನೆ ಟೇಪಿನಲ್ಲಿ ಅಳೆದದ್ದು: ಎದೆ 36, ಎದೆಯ ಕೆಳಗೆ 31, ಉದ್ದ ಹದಿನಾಲ್ಕೂವರೆ, ಕಂಕುಳ ಸುತ್ತು 16, ಭುಜದಿಂದ ತೋಳಿನ ಪಟ್ಟಿಯ ತುದಿವರೆಗೆ ಒಂಬತ್ತೂವರೆ, ಪಟ್ಟಿ ಬರೋ ಜಾಗದಲ್ಲಿ ಕೈ ಸುತ್ತು 11. ಇದೆಲ್ಲ ಮೈ ಅಳತೆ, ಲೂಸ್ ಸೇರಿಸಿಲ್ಲ. ತೋಳಿನ ಪಟ್ಟಿ 12 ಇಡಿ, ಕೈ ಮಡಚಿದಾಗ ಕಚ್ಚಬಾರದು. ಪಕ್ಕದ ಹೊಲಿಗೆಯಲ್ಲಿ ಒಳಗೆ ಒಂದೊಂದು ಇಂಚು ಬಟ್ಟೆ ಬಿಡಿ.

ಒಂದು ಕೇಳಿಕೆ. ಒಳ್ಳೇ ಬಟ್ಟೆಗೆ ಕತ್ತರಿ ಹಾಕೋ ಮೊದಲು ಯಾವುದಾದರೂ ಹಳೇ ಕಾಟನ್ ತುಂಡಿನಲ್ಲಿ ಒಂದು ತೋಳು ಮಾತ್ರ ಹೊಲಿದು ತೋರಿಸ್ತೀರಾ? ಬಂದು ಹಾಕಿ ನೋಡ್ತೀನಿ. ಆ ಕೆಲಸದ್ದೂ ಸೇರಿಸಿ ಕೂಲಿ ಹೇಳಿ, ಅದು ನಿಮ್ಮ ಶ್ರಮ. ಹಳೇ ಹಾಸಿಗೆ ಹೊದಿಕೆಯ ತುಂಡು ನಾನೇ ತರ್ತೀನಿ.

ಶನಿವಾರ ಬೆಳಿಗ್ಗೆ ಬಟ್ಟೆ, ಅಳತೆ ಬ್ಲೌಸ್, ಆ ವಾಚು ಮೂರೂ ತರ್ತೀನಿ. ವಾಚು ನೀವೂ ಒಮ್ಮೆ ಫೋಟೋ ಪಕ್ಕ ಇಟ್ಟು ನೋಡಿ. ಮೂಲ ಫೋಟೋ ಮನೆಯಿಂದ ಆಚೆ ತರಲ್ಲ, ಅದೇ ಸೈಜಿಗೆ ಪ್ರಿಂಟ್ ಹಾಕಿಸಿದ್ದೀನಿ, ಅದು ನಿಮ್ಮ ಮಿಷಿನ್ ಹತ್ತಿರವೇ ಇರಲಿ. ಮೂರು ವಾರ ಸಾಕಾಗುತ್ತಾ ಅಂತ ತಿಳಿಸಿ. ಅಮ್ಮನಿಗೆ ಇದು ಗೊತ್ತಿಲ್ಲ, ಮನೆ ಫೋನಿಗೆ ಮಾಡಬೇಡಿ, ಏನಿದ್ದರೂ ಈ ನಂಬರಿಗೇ ಮೆಸೇಜ್ ಹಾಕಿ ಅಕ್ಕ.