ಗ್ರಾಹಕ ಸೇವಾ ವಿಭಾಗದ ತಂಡಗಳ ಮರುರಚನೆ ಮತ್ತು ಹೊಣೆಗಳ ಬದಲಾವಣೆ ಕುರಿತು

ಆತ್ಮೀಯ ಸಹೋದ್ಯೋಗಿಗಳೇ,

ಮುಂದಿನ ತಿಂಗಳ 1ನೇ ತಾರೀಖಿನಿಂದ ನಮ್ಮ ವಿಭಾಗದ ಕರೆ ತಂಡ ಮತ್ತು ರಿಪೇರಿ ತಂಡ ಈಗಿನಂತೆ ಬೇರೆಬೇರೆಯಾಗಿ ಇರುವುದಿಲ್ಲ. ಎರಡರಲ್ಲೂ ಇರುವ ಒಟ್ಟು 16 ಮಂದಿಯನ್ನು ಸೇರಿಸಿ ಉತ್ತರ ವಲಯಕ್ಕೊಂದು, ದಕ್ಷಿಣ ವಲಯಕ್ಕೊಂದು ತಂಡ ಮಾಡಲಾಗುತ್ತಿದ್ದು, ಪ್ರತಿ ತಂಡದಲ್ಲೂ ಕರೆ ಸ್ವೀಕರಿಸುವವರು ಮತ್ತು ತಂತ್ರಜ್ಞರು ಒಟ್ಟಿಗೇ ಕೆಲಸ ಮಾಡುತ್ತಾರೆ. ಯಾರ ಕೆಲಸವೂ ಹೋಗುವುದಿಲ್ಲ, ಯಾರ ಸಂಬಳವೂ ಕಡಿಮೆಯಾಗುವುದಿಲ್ಲ. ಆದರೆ ಉಪ ಮೇಲ್ವಿಚಾರಕರ ಹುದ್ದೆ ರದ್ದಾಗುತ್ತದೆ, ನಿಮ್ಮಲ್ಲಿ ಏಳು ಮಂದಿಗೆ ಮೇಲ್ವಿಚಾರಕರು ಬದಲಾಗುತ್ತಾರೆ, ನನ್ನ ಹೊಣೆಯೂ ಬದಲಾಗುತ್ತದೆ.

ಈ ನಿರ್ಧಾರಕ್ಕೆ ಕಾರಣ ನಿಮಗೆ ಹೊಸದೇನಲ್ಲ. ಕಳೆದ ತಿಂಗಳು ಬಟ್ಟೆ ಒಗೆಯುವ ಯಂತ್ರದ ಒಂದು ದೂರಿನ ಕಡತವನ್ನು ನಾನು ಮೊದಲಿನಿಂದ ಕೊನೆಯವರೆಗೆ ಓದಿದೆ. ಗ್ರಾಹಕರು ಹನ್ನೊಂದು ದಿನಗಳಲ್ಲಿ ನಾಲ್ಕು ಬಾರಿ ಕರೆ ಮಾಡಿದ್ದರು. ನಾಲ್ಕು ಬಾರಿಯೂ ಬೇರೆ ಬೇರೆಯವರು ಅದೇ ಮಾಡೆಲ್ ಸಂಖ್ಯೆಯನ್ನು ಕೇಳಿದ್ದರು. 'ರಿಪೇರಿ ತಂಡಕ್ಕೆ ಕಳುಹಿಸಲಾಗಿದೆ', 'ವಿವರ ಸಾಲದು, ವಾಪಸ್' ಎಂಬ ಎರಡು ಟಿಪ್ಪಣಿಗಳು ಒಂದರ ಕೆಳಗೊಂದು ಮೂರು ಸಲ ಬಂದಿದ್ದವು. ಕೊನೆಗೆ ಕೆಟ್ಟಿದ್ದು ನೀರು ಹೊರಹಾಕುವ ಪಂಪು, ಅರ್ಧ ಗಂಟೆಯ ಕೆಲಸ. ಇದರಲ್ಲಿ ಯಾರೊಬ್ಬರ ತಪ್ಪೂ ನನಗೆ ಕಾಣಲಿಲ್ಲ, ಪ್ರತಿಯೊಬ್ಬರೂ ತಮ್ಮ ಪಾಲಿನದನ್ನು ನಿಯಮದಂತೆ ಮಾಡಿ ದಾಟಿಸಿದ್ದರು. ಹೀಗೆ ದಾಟಿಸುವುದಕ್ಕೇ ಎಡೆ ಇಲ್ಲದಂತೆ, ದೂರು ದಾಖಲಾದ ತಂಡದಲ್ಲೇ ಅದು ಮುಗಿಯಬೇಕು ಎಂಬುದೊಂದೇ ಈ ಮರುರಚನೆಯ ಉದ್ದೇಶ.

ಈಗ ಕರೆ ತಂಡದ ಮೇಲ್ವಿಚಾರಕರಾಗಿರುವವರು ಉತ್ತರ ವಲಯವನ್ನೂ, ರಿಪೇರಿ ತಂಡದ ಮೇಲ್ವಿಚಾರಕರಾಗಿರುವವರು ದಕ್ಷಿಣ ವಲಯವನ್ನೂ ನೋಡಿಕೊಳ್ಳುತ್ತಾರೆ. ಇಬ್ಬರಿಗೂ ತಮ್ಮ ಹೊಸ ತಂಡದ ಅರ್ಧ ಕೆಲಸ ಪರಿಚಯವಿಲ್ಲದ್ದು. ಕಲಿಯಲು ಸಮಯ ಬೇಕೆಂದು ಅವರೇ ಹೇಳಿದ್ದಾರೆ, ಆ ಮಾತನ್ನು ನಾನು ಒಪ್ಪಿದ್ದೇನೆ. ದಿನನಿತ್ಯದ ಕೆಲಸ ಹಂಚುವುದು, ರಜೆ ಮಂಜೂರು ಮಾಡುವುದು ಇನ್ನು ಮುಂದೆ ಅವರದೇ ಅಧಿಕಾರ. ನಾನು ವಿಭಾಗದ ಮುಖ್ಯಸ್ಥನಾಗಿಯೇ ಮುಂದುವರಿದು ಬಿಡಿಭಾಗಗಳ ದಾಸ್ತಾನು ಮತ್ತು ತರಬೇತಿಯನ್ನು ನೋಡಿಕೊಳ್ಳುತ್ತೇನೆ. ಹಳೆಯ ಅಭ್ಯಾಸದಂತೆ ರಜೆ ಕೇಳಿಕೊಂಡು ನನ್ನ ಬಳಿ ಬಂದರೆ ನಿಮ್ಮ ಮೇಲ್ವಿಚಾರಕರ ಹತ್ತಿರವೇ ಕಳುಹಿಸುತ್ತೇನೆ, ದಯವಿಟ್ಟು ಬೇಸರಿಸಬೇಡಿ.

ಉಪ ಮೇಲ್ವಿಚಾರಕರ ವಿಷಯವನ್ನು ಮುಚ್ಚಿಡದೆ ಹೇಳುವುದು ಸರಿ ಎಂದು ಅವರೂ ನಾನೂ ಮಾತನಾಡಿಕೊಂಡಿದ್ದೇವೆ. ಎರಡು ಸಣ್ಣ ತಂಡಗಳಾದ ಮೇಲೆ ನಡುವೆ ಇನ್ನೊಂದು ಹಂತ ಬೇಕಾಗುವುದಿಲ್ಲ ಎಂಬುದೇ ಹುದ್ದೆ ರದ್ದಾಗಲು ಕಾರಣ; ಅವರ ಕೆಲಸದ ಬಗ್ಗೆ ಯಾವ ದೂರೂ ಇರಲಿಲ್ಲ. ಅವರು ಅದೇ ಸಂಬಳದಲ್ಲಿ ಹಿರಿಯ ತಂತ್ರಜ್ಞರಾಗಿ ದಕ್ಷಿಣ ವಲಯದಲ್ಲಿರುತ್ತಾರೆ. ಇದು ಬಡ್ತಿಯಲ್ಲ, ಹಾಗೆಂದು ಬಣ್ಣಿಸುವುದೂ ಇಲ್ಲ.

ನನ್ನದೂ ಒಂದು ತಪ್ಪಿದೆ. ಹಿಂದಿನ ಮಾಸಿಕ ಸಭೆಯಲ್ಲಿ ನಿಮ್ಮಲ್ಲೊಬ್ಬರು ತಂಡಗಳು ಬದಲಾಗುತ್ತವೆಯೇ ಎಂದು ಕೇಳಿದಾಗ 'ಅಂಥದ್ದೇನೂ ಇಲ್ಲ' ಎಂದಿದ್ದೆ. ಆಗ ನಿರ್ಧಾರವಾಗಿರಲಿಲ್ಲ ನಿಜ, ಆದರೆ ಚರ್ಚೆ ಶುರುವಾಗಿತ್ತು. 'ಚರ್ಚೆಯಲ್ಲಿದೆ, ತೀರ್ಮಾನವಾದ ಮೇಲೆ ತಿಳಿಸುತ್ತೇನೆ' ಎನ್ನಬೇಕಿತ್ತು. ಆ ಉತ್ತರದಿಂದಾಗಿ ಮೂರು ವಾರ ಗಾಳಿಸುದ್ದಿಗಳ ನಡುವೆ ಕೆಲಸ ಮಾಡುವಂತಾಯಿತು. ಅದಕ್ಕಾಗಿ ಕ್ಷಮೆ ಕೇಳುತ್ತೇನೆ.

ಎರಡು ವಿಷಯಗಳು ಇನ್ನೂ ತೀರ್ಮಾನವಾಗಿಲ್ಲ. ರಾತ್ರಿ ಪಾಳಿಯನ್ನು ಎರಡೂ ತಂಡಗಳು ಸರದಿಯಲ್ಲಿ ಮಾಡಬೇಕೋ ಈಗಿನವರೇ ಮುಂದುವರಿಸಬೇಕೋ ಎಂಬುದು ಒಂದು; ತಂತ್ರಜ್ಞರ ಪ್ರಯಾಣ ಭತ್ಯೆಯನ್ನು ಹೊಸ ವಲಯಗಳಿಗೆ ತಕ್ಕಂತೆ ಲೆಕ್ಕ ಹಾಕುವುದು ಇನ್ನೊಂದು. ಭತ್ಯೆಯ ಬಗ್ಗೆ ಲೆಕ್ಕಪತ್ರ ವಿಭಾಗದ ಉತ್ತರ ಬರುವವರೆಗೆ ಹಳೆಯ ದರವೇ ನಡೆಯುತ್ತದೆ. ಮೊದಲ ಮೂರು ತಿಂಗಳು ಮುಗಿಸಿದ ದೂರುಗಳ ಸಂಖ್ಯೆಯನ್ನು ವಾರ್ಷಿಕ ಮೌಲ್ಯಮಾಪನಕ್ಕೆ ತೆಗೆದುಕೊಳ್ಳುವುದಿಲ್ಲ, ಏಕೆಂದರೆ ಆರಂಭದಲ್ಲಿ ಆ ಸಂಖ್ಯೆ ಇಳಿದೇ ಇಳಿಯುತ್ತದೆ.

ಮೇಲ್ವಿಚಾರಕರು ಬದಲಾಗುವ ಏಳು ಮಂದಿಯೊಂದಿಗೆ ನಾನು ಈಗಾಗಲೇ ಒಬ್ಬೊಬ್ಬರಾಗಿ ಮಾತನಾಡಿದ್ದೇನೆ. ಎಲ್ಲರಿಗೂ ಸೇರಿ ಗುರುವಾರ ಮಧ್ಯಾಹ್ನ 3 ಗಂಟೆಗೆ ಸಭೆ ಇದೆ. ಎದುರಿಗೆ ಕೇಳಲು ಸಂಕೋಚವಿರುವ ಪ್ರಶ್ನೆಗಳನ್ನು ಬುಧವಾರ ಸಂಜೆಯೊಳಗೆ ನನಗೆ ಬರೆದು ಕಳುಹಿಸಿದರೆ, ಕೇಳಿದವರ ಹೆಸರು ಹೇಳದೆ ಉತ್ತರಿಸುತ್ತೇನೆ. ಈಗ ನಿಮ್ಮ ಕೈಯಲ್ಲಿ ಬಾಕಿ ಇರುವ ದೂರುಗಳನ್ನು ಯಾರಿಗೂ ವರ್ಗಾಯಿಸದೆ ನೀವೇ ಮುಗಿಸಿ. 1ನೇ ತಾರೀಖಿನಿಂದ ದಾಖಲಾಗುವ ದೂರುಗಳಿಂದ ಮಾತ್ರ ಹೊಸ ಕ್ರಮ ಆರಂಭವಾಗುತ್ತದೆ.

ಇಂತಿ,
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ