ಮೌಲ್ಯ ಹೂಡಿಕೆ: ದಾವಣಗೆರೆ ಸಭೆಯ ಸ್ಲೈಡ್ ರೂಪರೇಷೆ

ಸ್ಲೈಡ್ 1: ಪರಿಚಯ
ಎರಡೇ ನಿಮಿಷ. ಎದುರಿಗಿರುವವರು ಮಂಡಿ ವರ್ತಕರು, ಪೀಠಿಕೆ ಬೇಡ.

ಸ್ಲೈಡ್ 2: ಬೆಲೆ ಬೇರೆ, ಮೌಲ್ಯ ಬೇರೆ
ಎಪಿಎಂಸಿಗೆ ಮೆಕ್ಕೆಜೋಳದ ಆವಕ ಹೆಚ್ಚಿದ ದಿನ ದರ ಇಳಿಯುತ್ತದೆ, ಕಾಳು ಮಾತ್ರ ಅದೇ. ತೇವಾಂಶ ನೋಡಿ, ಕಾಳು ಕಚ್ಚಿ ನೋಡಿ ಕೊಳ್ಳುವವರಿಗೆ ಷೇರಿನ ವಿಷಯದಲ್ಲಿ ಮಾತ್ರ ಏಕೆ ಆತುರ?

ಸ್ಲೈಡ್ 3: ಒಂದು ಲೆಕ್ಕ (ನಿಧಾನವಾಗಿ)
ಕಾಲ್ಪನಿಕ ಕಂಪನಿ. ಮಾರುಕಟ್ಟೆ ಮೌಲ್ಯ 300 ಕೋಟಿ, ಕೈಯಲ್ಲಿ ನಗದು 80 ಕೋಟಿ, ಸಾಲ 20 ಕೋಟಿ. ನಗದು ಕಳೆದು ಸಾಲ ಕೂಡಿದರೆ ವ್ಯವಹಾರಕ್ಕೆ ನಾವು ಕೊಡುವುದು 240 ಕೋಟಿ. ಖರ್ಚೆಲ್ಲ ಕಳೆದು ವರ್ಷಕ್ಕೆ ಉಳಿಯುವ ನಗದು 30 ಕೋಟಿ. ಎಂಟು ವರ್ಷದ ಗಳಿಕೆ. ನಮ್ಮ ಅಂದಾಜಿನಲ್ಲಿ ಕಂಪನಿಯ ನಿಜವಾದ ಮೌಲ್ಯ 450 ಕೋಟಿ. ಅಂದಾಜು ಶೇ 20ರಷ್ಟು ತಪ್ಪಿದರೂ 360 ಕೋಟಿ. 300 ಕೋಟಿಗೆ ಕೊಂಡಾಗ ಉಳಿಯುವ ಈ ಅಂತರವೇ ಮೌಲ್ಯ ಹೂಡಿಕೆಯ ಪಿತಾಮಹ ಬೆಂಜಮಿನ್ ಗ್ರಹಾಂ ಹೇಳಿದ ಸುರಕ್ಷತೆಯ ಅಂಚು.

ಸ್ಲೈಡ್ 4: ಅಗ್ಗದ ಬಲೆ
ಹತ್ತಿ ಗಿರಣಿಗಳು ಮುಚ್ಚಿದ್ದನ್ನು ಕಂಡ ಊರಿದು. ಲೆಕ್ಕಪತ್ರದಲ್ಲಿ ಆಸ್ತಿ ದೊಡ್ಡದಿದ್ದರೂ ಹಳೆಯ ಯಂತ್ರ ಗುಜರಿ ದರಕ್ಕೇ ಹೋಗುತ್ತದೆ. ಅಂಥ ಒಂದು ಜವಳಿ ಷೇರಿನಲ್ಲಿ ನಾನೇ ಕೈ ಸುಟ್ಟುಕೊಂಡಿದ್ದೇನೆ, ಮುಚ್ಚಿಡದೆ ಹೇಳುವುದು. ಪ್ರವರ್ತಕರು ಷೇರು ಅಡವಿಟ್ಟಿದ್ದರೆ, ಲಾಭವಿದ್ದೂ ನಗದು ಬಾರದಿದ್ದರೆ ನಾವು ಮುಟ್ಟುವುದಿಲ್ಲ.

ಸ್ಲೈಡ್ 5: ಷರತ್ತು
ಷೇರು ಮಾರುಕಟ್ಟೆ ನಿಯಂತ್ರಕ ಸೆಬಿಯ ನಿಯಮದಂತೆ, ಗ್ರಾಹಕರ ಹಣವನ್ನು ಅವರ ಪರವಾಗಿ ಹೂಡಿ ನೋಡಿಕೊಳ್ಳುವ ಸೇವೆಯಾದ ಪಿಎಂಎಸ್‌ಗೆ ಕನಿಷ್ಠ 50 ಲಕ್ಷ ರೂಪಾಯಿ. ಲಾಭದ ಖಾತರಿ ಇಲ್ಲ, ಕೊಡುವಂತೆಯೂ ಇಲ್ಲ. ಐದು ವರ್ಷ ತಾಳ್ಮೆ ಬೇಕು. ಮಗಳ ಮದುವೆಗೆ ಇಟ್ಟ ಹಣವನ್ನು ದಯವಿಟ್ಟು ತರಬೇಡಿ.

ಪ್ರಶ್ನೆಗಳಿಗೆ ಅರ್ಧ ಗಂಟೆ.