ನಿಮ್ಮ ವಾರದ ರೊಟ್ಟಿ ಡಬ್ಬಿ ಇವತ್ತಿನಿಂದ ನಿಲ್ಲಿಸಿದ್ದೇವೆ

ಟೀಚರ್, ನಮಸ್ಕಾರ.

ನಿನ್ನೆ ರಾತ್ರಿ ನೀವು ಕಳಿಸಿದ ಮೇಲ್ ಬೆಳಿಗ್ಗೆ ಒಲೆ ಹಚ್ಚುವ ಮುಂಚೆಯೇ ಓದಿದೆವು. ಡಬ್ಬಿ ನಿಲ್ಲಿಸಿದ್ದೇವೆ. ಈ ಶನಿವಾರ, ಜುಲೈ 26ರಂದು ನಿಮ್ಮ ಮನೆಗೆ ರೊಟ್ಟಿ ಬರುವುದಿಲ್ಲ. ಉಳಿದ 5 ಡಬ್ಬಿಯ ಹಣ 1,400 ರೂಪಾಯಿಯನ್ನು ವಾಪಸ್ ಹಾಕಿದ್ದೇವೆ. ಮುಂದಿನ ಮೂರು ತಿಂಗಳ ಹಣ ತಾನಾಗಿ ಕಟ್ ಆಗುವ ಆಟೋಪೇ ಕೂಡ ರದ್ದಾಗಿದೆ. ನೀವು ಯಾವ ಬಟನ್ನೂ ಒತ್ತಬೇಕಾಗಿಲ್ಲ, ಯಾವ ಫಾರ್ಮೂ ತುಂಬಬೇಕಾಗಿಲ್ಲ, ಯಾರಿಗೂ ಫೋನ್ ಮಾಡಬೇಕಾಗಿಲ್ಲ.

ಇಷ್ಟು ಓದಿ ಬಿಟ್ಟರೂ ನಡೆಯುತ್ತದೆ. ಆದರೆ ನೀವು ಒಂದೊಂದೇ ಪ್ರಶ್ನೆಗೆ ನಂಬರ್ ಹಾಕಿ ಕೇಳಿದ್ದೀರಿ. ಉತ್ತರ ಬಿಟ್ಟರೆ ಮಾರ್ಕ್ಸ್ ಕಟ್ ಮಾಡುತ್ತೀರಿ ಅಂತ ಗೊತ್ತು, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತಿದ್ದೇನೆ.

ಮೊದಲು ಹಣದ ಮಾತು. ಬೀದರಿನಲ್ಲಿರುವ ನಿಮ್ಮ ಮಗಳು ಮೂರು ತಿಂಗಳಿಗೆ, ಅಂದರೆ 12 ಡಬ್ಬಿಗೆ, 3,360 ರೂಪಾಯಿ ಕಟ್ಟಿದ್ದರು. ಡಬ್ಬಿಗೆ 280ರಂತೆ. ಜೂನ್ 7ರಿಂದ ಜುಲೈ 19ರವರೆಗೆ 7 ಡಬ್ಬಿ ನಿಮ್ಮ ಮನೆ ಮುಟ್ಟಿವೆ, ಅದಕ್ಕೆ 1,960 ಆಯಿತು. ಉಳಿದದ್ದು 1,400. ಬಿಡಿಯಾಗಿ ತಗೊಂಡರೆ ನಮ್ಮ ಡಬ್ಬಿಗೆ 310 ಇದೆ. "ಅರ್ಧಕ್ಕೆ ಬಿಟ್ಟರೆ ಕೊಟ್ಟ ಡಬ್ಬಿಗೆಲ್ಲ ಬಿಡಿ ರೇಟು ಹಿಡಿಯುತ್ತೀರಾ?" ಅಂತ ಕೇಳಿದ್ದೀರಿ. ಹಾಗೆ ಹಿಡಿದರೆ 210 ರೂಪಾಯಿ ಹೋಗುತ್ತಿತ್ತು. ನಾವು ಹಿಡಿಯುವುದಿಲ್ಲ. ಒಂದು ರೇಟು ಹೇಳಿ ಕೊಟ್ಟ ಮೇಲೆ ಆ ರೊಟ್ಟಿಗೆ ಅದೇ ರೇಟು. ತಿಂದಾದ ಮೇಲೆ ರೇಟು ಏರಿಸುವುದು ನಮಗೆ ಸರಿ ಕಾಣುವುದಿಲ್ಲ.

ಆ 1,400 ರೂಪಾಯಿ ನಿಮ್ಮ ಖಾತೆಗೆ ಬರುವುದಿಲ್ಲ, ಮಗಳ ಖಾತೆಗೆ ಹೋಗುತ್ತದೆ. ಹಣ ಎಲ್ಲಿಂದ ಬಂತೋ ಅಲ್ಲಿಗೇ ವಾಪಸ್ ಹೋಗಬೇಕು, ಬೇರೆ ಕಡೆ ತಿರುಗಿಸಲು ಹೋದರೆ ಲೆಕ್ಕ ಗೋಜಲಾಗುತ್ತದೆ. ನಮ್ಮ ಕಡೆಯಿಂದ ಇವತ್ತೇ ಹೊರಟಿದೆ. ಬ್ಯಾಂಕಿನಲ್ಲಿ ತೋರಿಸಲು ಮೂರರಿಂದ ಐದು ಕೆಲಸದ ದಿನ ಹಿಡಿಯಬಹುದು. ಆಟೋಪೇ ಕೂಡ ಅವರ ಫೋನಿನಲ್ಲೇ ಇತ್ತು. ಹಾಗಾಗಿ ರದ್ದಾದ ಮೆಸೇಜ್ ಅವರಿಗೇ ಹೋಗುತ್ತದೆ. ಖಾತ್ರಿ ಬೇಕೆಂದರೆ ಅವರ ಯುಪಿಐ ಆ್ಯಪಿನ ಆಟೋಪೇ ಭಾಗದಲ್ಲಿ ನೋಡಬಹುದು, ನಮ್ಮದು ಚಾಲ್ತಿಯಲ್ಲಿ ಇರುವುದಿಲ್ಲ.

"ಮಗಳು ಪ್ರೀತಿಯಿಂದ ಶುರು ಮಾಡಿದ್ದು, ಅವಳಿಗೆ ಬೇಜಾರಾಗಬಾರದು" ಅಂತ ಬರೆದಿದ್ದೀರಲ್ಲ, ಅದಕ್ಕೇ ಇಷ್ಟು ಬಿಡಿಸಿ ಹೇಳುತ್ತಿದ್ದೇನೆ. ನಾವು ಅವರಿಗೆ ಫೋನ್ ಮಾಡಿಲ್ಲ, ಮಾಡುವುದೂ ಇಲ್ಲ. ಆದರೆ ಬ್ಯಾಂಕಿನ ಮೆಸೇಜ್ ನಮ್ಮ ಮಾತು ಕೇಳುವುದಿಲ್ಲ. ಅದು ಹೋಗುವ ಮುಂಚೆ ನೀವೇ ಒಂದು ಮಾತು ಹೇಳಿಬಿಟ್ಟರೆ ಒಳ್ಳೆಯದು ಅಲ್ವಾ? ಸರ್ ಹಲ್ಲು ತೆಗೆಸಿದ್ದಾರೆ ಅಂದರೆ ಯಾವ ಮಗಳೂ ಬೇಜಾರು ಮಾಡಿಕೊಳ್ಳುವುದಿಲ್ಲ.

ಇದರ ಜೊತೆಗೇ ಇನ್ನೊಂದು ಎಚ್ಚರಿಕೆ. ಮಗಳಿಗೂ ತಿಳಿಸಿ. ರೀಫಂಡ್ ಬರಬೇಕಾದರೆ ಪಿನ್ ಹಾಕಬೇಕಾಗಿಲ್ಲ, ಓಟಿಪಿ ಹೇಳಬೇಕಾಗಿಲ್ಲ, ಯಾವ ಕ್ಯೂಆರ್ ಕೋಡೂ ಸ್ಕ್ಯಾನ್ ಮಾಡಬೇಕಾಗಿಲ್ಲ. ಯುಪಿಐ ಪಿನ್ ಬೇಕಾಗುವುದು ನಿಮ್ಮ ಖಾತೆಯಿಂದ ಹಣ ಹೋಗುವಾಗ, ಬರುವಾಗ ಅಲ್ಲ. "ರೊಟ್ಟಿ ಡಬ್ಬಿಯವರು ಮಾತಾಡೋದು, ರೀಫಂಡ್ ಕೊಡಬೇಕಿತ್ತು" ಅಂತ ಯಾರಾದರೂ ಫೋನ್ ಮಾಡಿ ಇದರಲ್ಲಿ ಯಾವುದನ್ನು ಕೇಳಿದರೂ ಅದು ನಾವಲ್ಲ, ಕಟ್ ಮಾಡಿಬಿಡಿ. ಅಕಸ್ಮಾತ್ ಹಣ ಹೋಯಿತು ಅಂದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಬೇಕು. ಅದು ಸೈಬರ್ ವಂಚನೆಯ ಸಹಾಯವಾಣಿ.

ಇನ್ನು ಸ್ಟೀಲ್ ಡಬ್ಬಿಗಳು. ಅದರ ಡಿಪಾಜಿಟ್ 200 ರೂಪಾಯಿಯನ್ನು ನೀವು ಮೊದಲ ದಿನ ನಗದು ಕೊಟ್ಟಿದ್ದಿರಿ, ಹಾಗಾಗಿ ಅದು ನಗದಾಗಿಯೇ ನಿಮ್ಮ ಕೈಗೆ ಬರುತ್ತದೆ. ಶನಿವಾರ ಬೆಳಿಗ್ಗೆ ನಮ್ಮ ಹುಡುಗ ಹೇಗೂ ಕುಸನೂರ ರಸ್ತೆಗೆ ಬರುತ್ತಾನೆ. ಡಬ್ಬಿ ತಗೊಂಡು ಹಣ ಕೊಟ್ಟು ಹೋಗುತ್ತಾನೆ. ದೊಡ್ಡ ಡಬ್ಬಿಯ ಮುಚ್ಚಳ ಬಿದ್ದು ಸೊಟ್ಟಾಗಿದೆ ಅಂದಿದ್ದೀರಿ. ಅದಕ್ಕೆ ಏನೂ ಕಡಿತ ಇಲ್ಲ. ಕಲ್ಲಿನ ಮೇಲಿಟ್ಟು ಎರಡು ಏಟು ಬಡಿದರೆ ಸರಿ ಹೋಗುತ್ತದೆ. ನಮ್ಮಲ್ಲಿರುವ ಡಬ್ಬಿಗಳಲ್ಲಿ ಅರ್ಧಕ್ಕೆ ಆ ಗತಿ ಆಗಿದೆ. ಸಣ್ಣ ಡಬ್ಬಿಯಲ್ಲಿ ಪಕ್ಕದ ಮನೆಯವರಿಗೆ ಹಿಂಡಿ ಹಾಕಿ ಕೊಟ್ಟಿದ್ದು ಇನ್ನೂ ವಾಪಸ್ ಬಂದಿಲ್ಲ ಅಂತಲೂ ಬರೆದಿದ್ದೀರಿ. ಅವರನ್ನು ಕೇಳಿ ಮುಜುಗರ ಮಾಡಿಕೊಳ್ಳಬೇಡಿ. ಬಂದಾಗ ಸೂಪರ್ ಮಾರ್ಕೆಟ್ ಕಡೆ ಹೋಗುವಾಗ ನಮ್ಮ ಬ್ರಹ್ಮಪುರದ ಅಡುಗೆಮನೆಗೆ ಕೊಟ್ಟರೆ ಆಯಿತು. ಹಣ ಮಾತ್ರ ಶನಿವಾರವೇ ಪೂರ್ತಿ ಕೊಡಲು ಹುಡುಗನಿಗೆ ಹೇಳಿದ್ದೇನೆ.

ನೀವು ನಿಲ್ಲಿಸಲು ಕಾರಣ ಹೇಳಲೇಬೇಕು ಅಂತ ಏನಿರಲಿಲ್ಲ. ಆದರೂ ಹೇಳಿದ್ದೀರಿ, ಅದೂ ನಗು ಬರುವ ಹಾಗೆ: "ಸರ್ ಬಾಯಲ್ಲಿ ಈಗ ಮುಂದಿನ ಬೆಂಚು ಪೂರ್ತಿ ಖಾಲಿ. ನಿಮ್ಮ ಕಡಕ್ ರೊಟ್ಟಿ ಕಟುಂ ಅನ್ನುವ ಸದ್ದು ಕೇಳಿದರೆ ಅವರಿಗೆ ಸಿಟ್ಟು." ನಮ್ಮ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಅಕ್ಕಂದಿರಿಗೆ ಅದನ್ನು ಓದಿ ಹೇಳಿದೆ. ನಕ್ಕರು. ಆಮೇಲೆ ಒಬ್ಬರು, "ಹಂಗಾದ್ರ ಮೆತ್ತನ ರೊಟ್ಟಿ ಕೊಡೂದಲ್ಲೇನು?" ಅಂದರು.

ಅವರು ಹೇಳಿದ್ದನ್ನೇ ಒಂದು ಸಲ ನಿಮ್ಮ ಮುಂದೆ ಇಡುತ್ತೇನೆ. 20 ಕಡಕ್ ರೊಟ್ಟಿಯ ಬದಲು 10 ಮೆತ್ತನೆ ಜೋಳದ ರೊಟ್ಟಿ. ಶನಿವಾರ ನಸುಕಿನಲ್ಲಿ ಬಡಿದು, ಬಿಳಿ ಬಟ್ಟೆಯಲ್ಲಿ ಸುತ್ತಿ, ಬೆಳಿಗ್ಗೆ ಎಂಟರ ಒಳಗೆ ನಿಮ್ಮ ಮನೆಗೆ. 120 ರೂಪಾಯಿ. ಹಿಂಡಿ ಬೇಕಿದ್ದರೆ ಮಾತ್ರ, ಬೇರೆಯಾಗಿ. ಮುಂಗಡ ಇಲ್ಲ, ಆಟೋಪೇ ಇಲ್ಲ, ಡಿಪಾಜಿಟ್ ಇಲ್ಲ. ಹುಡುಗ ಬಂದಾಗ ಕೈಯಲ್ಲಿ ಕೊಟ್ಟರಾಯಿತು. ಬೇಕಾದ ವಾರ ಗುರುವಾರ ಸಂಜೆಯೊಳಗೆ "ಮೆತ್ತನೆ" ಅಂತ ಒಂದೇ ಪದ ಬರೆದು ಕಳಿಸಿ, ಆ ವಾರ ಬರುತ್ತದೆ. ಕಳಿಸದ ವಾರ ಬರುವುದಿಲ್ಲ.

ಇದರಲ್ಲಿ ಇರುವ ತೊಂದರೆಯನ್ನೂ ಹೇಳಿಬಿಡುತ್ತೇನೆ. ಕಡಕ್ ರೊಟ್ಟಿಯಲ್ಲಿ ನೀರಿನ ಅಂಶ ಪೂರ್ತಿ ಒಣಗಿರುತ್ತದೆ, ಅದಕ್ಕೇ ವಾರಗಟ್ಟಲೆ ತಡೆಯುತ್ತದೆ. ಮೆತ್ತನೆಯದು ಹಾಗಲ್ಲ. ಅವತ್ತು ತಿಂದರೆ ಚೆನ್ನ, ಮರುದಿನಕ್ಕೆ ಬಿಗಿಯಾಗುತ್ತದೆ. ಈ ಮಳೆಗಾಲದಲ್ಲಿ ಅದಕ್ಕಿಂತ ಜಾಸ್ತಿ ಇಟ್ಟರೆ ಬೂಸು ಹಿಡಿಯಬಹುದು. ಇಬ್ಬರೇ ಇರುವ ಮನೆಗೆ ಹತ್ತು ರೊಟ್ಟಿ ಎರಡು ದಿನಕ್ಕೆ ಖರ್ಚಾಗುತ್ತದೋ ಇಲ್ಲವೋ ನಿಮಗೇ ಗೊತ್ತು. ಮನೆಯಲ್ಲೇ ಎರಡು ಬಡಿದುಕೊಳ್ಳುವುದು ಸುಲಭ ಅನ್ನಿಸಿದರೆ ಅದೇ ಸರಿ. ಬಿಸಿ ರೊಟ್ಟಿಗೆ ನಮ್ಮ ಡಬ್ಬಿ ಎಲ್ಲಿ ಸಾಟಿ?

ಇದನ್ನು ನಾವು ಮತ್ತೆ ಕೇಳುವುದಿಲ್ಲ. ನೀವು ಬೇಡ ಅಂತ ಬರೆಯಬೇಕಾಗಿಯೂ ಇಲ್ಲ. ಸುಮ್ಮನಿದ್ದರೆ ಡಬ್ಬಿ ನಿಂತೇ ಇದೆ ಅಂತ ಅರ್ಥ. "ದಯವಿಟ್ಟು ಫೋನ್ ಮಾಡಿ ಕಾಡಬೇಡಿ" ಅಂತ ನಿಮ್ಮ ಮೇಲ್‌ನ ಕೊನೆಗೆ ಅಡಿಗೆರೆ ಹಾಕಿ ಬರೆದಿದ್ದೀರಿ. ಇನ್ಯಾವುದೋ ಕಂಪನಿಯವರು ಚಂದಾ ನಿಲ್ಲಿಸಿ ಅಂದಿದ್ದಕ್ಕೆ ಊಟದ ಹೊತ್ತಿಗೇ ಫೋನ್ ಮಾಡಿ, ಒಬ್ಬರಾದ ಮೇಲೆ ಒಬ್ಬರು ಮಾತಾಡಿದ್ದನ್ನೂ ಹೇಳಿದ್ದೀರಿ. ಸೇರಿಕೊಳ್ಳಲು ಒಂದು ಬಟನ್, ಬಿಡಲು ಹತ್ತು ಬಾಗಿಲು. ಹೀಗೆ ಹಿಡಿದಿಡುವುದನ್ನು ಕೇಂದ್ರ ಸರ್ಕಾರದ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲೇ ಮೋಸದ ವಿಧಾನಗಳ ಪಟ್ಟಿಗೆ ಸೇರಿಸಿದೆ. ಆ ಪಟ್ಟಿಯಲ್ಲಿ ಹದಿಮೂರು ಇವೆ, ಚಂದಾದಾರರನ್ನು ಸಿಕ್ಕಿಸಿಡುವುದು ಅದರಲ್ಲೊಂದು. ಆ ಕಂಪನಿಯವರು ಇನ್ನೂ ಹಣ ಕಟ್ ಮಾಡುತ್ತಿದ್ದರೆ 1915ಕ್ಕೆ ಫೋನ್ ಮಾಡಿ ದೂರು ಕೊಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ನಮ್ಮ ವ್ಯವಹಾರಕ್ಕೆ ಇದು ಸಂಬಂಧ ಇಲ್ಲ, ಆದರೆ ಓದಿ ನನಗೇ ಸಿಟ್ಟು ಬಂತು.

ನಿಮ್ಮ ನಂಬರನ್ನು ನಮ್ಮ ವಾಟ್ಸಾಪ್ ಪಟ್ಟಿಯಿಂದ ತೆಗೆದಿದ್ದೇವೆ. ಪಂಚಮಿಗೆ ಶೇಂಗಾ ಉಂಡಿ, ಎಳ್ಳಮಾವಾಸ್ಯೆಗೆ ಸಜ್ಜಿ ರೊಟ್ಟಿ ಅಂತ ನಾವು ಎಲ್ಲರಿಗೂ ಕಳಿಸುವ ಮೆಸೇಜ್ ಇನ್ನು ನಿಮಗೆ ಬರುವುದಿಲ್ಲ. ವಿಳಾಸವನ್ನು ಶನಿವಾರ ಡಬ್ಬಿ ತಗೊಂಡ ಮೇಲೆ ಅಳಿಸುತ್ತೇವೆ. ಬಿಲ್ ಮಾತ್ರ ಲೆಕ್ಕಪತ್ರಕ್ಕೆ ಇಟ್ಟುಕೊಳ್ಳಲೇಬೇಕು. ಮುಂದೆ ಯಾವಾಗಲಾದರೂ ಡಬ್ಬಿ ಬೇಕೆನಿಸಿದರೆ ಹೊಸಬರ ಹಾಗೆ ಮತ್ತೆ ಶುರು ಮಾಡಬಹುದು. ಅದಕ್ಕೆ ಬೇರೆ ಶುಲ್ಕ ಏನೂ ಇಲ್ಲ.

ಕಪಾಟಿನಲ್ಲಿ ಇನ್ನೂ ಒಂದೂವರೆ ಡಬ್ಬಿ ರೊಟ್ಟಿ ಉಳಿದಿದೆ ಅಂದಿದ್ದೀರಿ. ಮಳೆಗೆ ಮೆದುವಾಗಿದ್ದರೆ ಸಣ್ಣ ಉರಿಯಲ್ಲಿ ಹಂಚಿನ ಮೇಲೆ ಎರಡೂ ಕಡೆ ಕಾಯಿಸಿ, ಪೂರ್ತಿ ಆರಿದ ಮೇಲೆ ಮುಚ್ಚಿಡಿ. ಬಿಸಿ ಇದ್ದಾಗ ಮುಚ್ಚಿದರೆ ಬೆವರಿ ಮತ್ತೆ ಮೆದುವಾಗುತ್ತದೆ. ಸರ್‌ಗೆ ಕೊಡುವುದಾದರೆ ಚೂರು ಮುರಿದು ಬಿಸಿ ಬೇಳೆ ಸಾರಿನಲ್ಲಿ ಹತ್ತು ನಿಮಿಷ ನೆನೆಸಿಡಿ, ಮೇಲೆ ಒಂದು ಚಮಚ ತುಪ್ಪ. ಪಂಚಮಿಗೆ ಹೋಳಿಗೆ ಮಾಡಿದರೆ ಕಟ್ಟಿನ ಸಾರು ಇದ್ದೇ ಇರುತ್ತದೆ, ಅದರಲ್ಲಂತೂ ಇನ್ನೂ ರುಚಿ. ಇದನ್ನೆಲ್ಲ ನಿಮಗೆ ನಾನು ಹೇಳಿಕೊಡಬೇಕೇ, ಆದರೂ ಬರೆದೆ. ಶೇಂಗಾ ಹಿಂಡಿಯನ್ನು ಮಾತ್ರ ಜಾಸ್ತಿ ದಿನ ಇಡಬೇಡಿ. ಎಣ್ಣೆ ಕಮಟು ವಾಸನೆ ಬಂದರೆ ಮುಲಾಜಿಲ್ಲದೆ ಚೆಲ್ಲಿಬಿಡಿ.

ಶನಿವಾರ ಬೆಳಿಗ್ಗೆ ನೀವು ಮನೆಯಲ್ಲಿ ಇರುವುದಿಲ್ಲ ಅಂದರೆ ಈ ಮೇಲ್‌ಗೇ ಒಂದು ಸಾಲು ಹಾಕಿ. ಹುಡುಗನನ್ನು ಸಂಜೆ ಕಳಿಸುತ್ತೇನೆ. ಮಗಳ ಖಾತೆಗೆ ಮುಂದಿನ ಬುಧವಾರ, ಜುಲೈ 30ರೊಳಗೆ ಹಣ ಬರದಿದ್ದರೂ ತಿಳಿಸಿ. ರೀಫಂಡ್ ನಂಬರ್ ಹಿಡಿದು ಬ್ಯಾಂಕಿನವರನ್ನು ನಾವೇ ವಿಚಾರಿಸುತ್ತೇವೆ.

ಸರ್ ಆರೋಗ್ಯ ನೋಡಿಕೊಳ್ಳಿ.

ಇಂತಿ,
ನಿಮ್ಮ ರೊಟ್ಟಿ ಡಬ್ಬಿಯವರು
ಬ್ರಹ್ಮಪುರ, ಕಲಬುರಗಿ
ಬುಧವಾರ, ಜುಲೈ 23, 2025